‘ಗಮನಿಸಲಾಗಿದೆ’ ಅನ್ನುವುದು ಉತ್ತರವಲ್ಲ!



ನಮ್ಮ ನಾಡಿನ ಯಾವುದಾದರೂ ಹಳ್ಳಿಯ ಪಕ್ಕ ದೊಡ್ಡ ಕಲ್ಲುಗಣಿಯೋ, ಅಣೆಕಟ್ಟೋ, ವಿದ್ಯುತ್ ಸ್ಥಾವರವೋ ಬರುವುದಿದ್ದರೆ ಅದಕ್ಕೆ ಮುಂಚೆ ಅಲ್ಲಿಗೆ ಒಂದು ಶಾಮಿಯಾನ ಬರುತ್ತೆ. ವೇದಿಕೆ ಮೇಲೆ ಜಿಲ್ಲಾಧಿಕಾರಿಗಳು, ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ, ಕಂಪನಿಯ ಪ್ರತಿನಿಧಿ. ಕೆಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಊರಿನ ಜನ. ಇದಕ್ಕೆ ಸಾರ್ವಜನಿಕ ಅಹವಾಲು ಸಭೆ ಅಂತ ಹೆಸರು. ಮಾರನೇ ದಿನ ಪೇಪರಿನಲ್ಲಿ ‘ಯೋಜನೆಗೆ ಭಾರೀ ವಿರೋಧ’ ಅಂತ ಸುದ್ದಿ ಬರುತ್ತೆ. ನಾವು ಇಲ್ಲಿ ಕಂಪ್ಯೂಟರ್ ಮುಂದೆ ಕೂತು ಅದನ್ನು ಓದಿ, ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿ, ‘ಜನ ಎಚ್ಚೆತ್ತರು, ಇನ್ನು ಇದು ಬರಲ್ಲ ಬಿಡಿ’ ಅಂದುಕೊಳ್ಳುತ್ತೇವೆ. ವರ್ಷ ಕಳೆದ ಮೇಲೆ ನೋಡಿದರೆ ಅನುಮತಿ ಸಿಕ್ಕಿರುತ್ತೆ. ಆಗ ‘ಎಲ್ಲಾ ದುಡ್ಡು ತಿಂದಿದಾರೆ’ ಅಂತ ಬೈದು ಸುಮ್ಮನಾಗುತ್ತೇವೆ.

ದುಡ್ಡಿನ ಮಾತು ಆಮೇಲೆ ಇರಲಿ. ಅದಕ್ಕೂ ಮುಂಚೆ ಒಂದು ಕಾಗದವಿದೆ, ಅದನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ. ಅದೇ ಆ ಸಭೆಯ ನಡವಳಿ. ಯಾರು ಏನು ಆಕ್ಷೇಪ ಎತ್ತಿದರು, ಅದಕ್ಕೆ ಏನು ಉತ್ತರ ಕೊಟ್ಟರು ಅನ್ನುವುದನ್ನು ಬರೆದಿಡುವ ಹತ್ತಿಪ್ಪತ್ತು ಹಾಳೆ. ನಾನು ಹೇಳಹೊರಟಿರುವುದು ಇಷ್ಟೇ: ಊರಿನವರು ಶಾಮಿಯಾನದ ಕೆಳಗೆ ಗೆದ್ದ ಮಾತನ್ನು ಬಹಳ ಸಲ ಈ ಹಾಳೆಗಳಲ್ಲಿ ಸೋಲುತ್ತಾರೆ. ಯಾಕೆ ಅಂತ ಸ್ವಲ್ಪ ಬಿಡಿಸಿ ನೋಡೋಣ.

ತೀರ್ಮಾನ ಮಾಡುವವರು ಸಭೆಗೆ ಬರುವುದೇ ಇಲ್ಲ

ಈ ಸಭೆಗಳು ನಡೆಯುವುದು ಕೇಂದ್ರ ಪರಿಸರ ಮಂತ್ರಾಲಯ 2006ರ ಸೆಪ್ಟೆಂಬರ್ 14ರಂದು ಹೊರಡಿಸಿದ ಅಧಿಸೂಚನೆಯ ಪ್ರಕಾರ. ಅದಕ್ಕೆ ಆಮೇಲೆ ಎಷ್ಟೋ ತಿದ್ದುಪಡಿಗಳಾಗಿವೆ, ಆದರೆ ಬುನಾದಿ ಇವತ್ತಿಗೂ ಅದೇ. ಅದರ ನಾಲ್ಕನೇ ಅನುಬಂಧದಲ್ಲಿ ಸಭೆ ಹೇಗೆ ನಡೆಯಬೇಕು ಅಂತ ಸಾಲು ಸಾಲಾಗಿ ಬರೆದಿದೆ.

ಅದನ್ನು ಓದಿದರೆ ಮೊದಲು ಕಣ್ಣಿಗೆ ಬೀಳುವುದು ಇದು: ಜಿಲ್ಲಾಧಿಕಾರಿಗಳು ಸಭೆಯ ಅಧ್ಯಕ್ಷತೆ ವಹಿಸುತ್ತಾರೆ, ಆದರೆ ಯೋಜನೆ ಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು ಅವರಲ್ಲ. ಸಭೆ ಏರ್ಪಡಿಸುವುದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ, ಆದರೆ ತೀರ್ಮಾನ ಮಂಡಳಿಯದ್ದೂ ಅಲ್ಲ. ದೊಡ್ಡ ಯೋಜನೆಯಾದರೆ ದೆಹಲಿಯ ತಜ್ಞರ ಸಮಿತಿ, ಅದಕ್ಕಿಂತ ಚಿಕ್ಕದಾದರೆ ಬೆಂಗಳೂರಿನಲ್ಲಿರುವ ರಾಜ್ಯ ಮಟ್ಟದ ಸಮಿತಿ ಕಡತ ನೋಡಿ ಶಿಫಾರಸು ಮಾಡುತ್ತೆ. ಆ ಶಿಫಾರಸಿನ ಮೇಲೆ ಮಂತ್ರಾಲಯ ಇಲ್ಲವೇ ರಾಜ್ಯದ ಪ್ರಾಧಿಕಾರ ಅನುಮತಿ ಕೊಡುತ್ತೆ. ಈ ತಜ್ಞರು ಶಾಮಿಯಾನದ ಕೆಳಗೆ ಕೂತವರಲ್ಲ. ಅವರ ಮೇಜಿಗೆ ಹೋಗುವುದು ನಡವಳಿ, ಅದರ ಜೊತೆಗೆ ಒಂದು ವಿಡಿಯೋ. ಒಂದೇ ದಿನದಲ್ಲಿ ಹಲವಾರು ಯೋಜನೆಗಳ ಕಡತ ನೋಡಬೇಕಾದ ಸಮಿತಿ ಮೂರ್ನಾಲ್ಕು ಗಂಟೆಯ ಕನ್ನಡ ವಿಡಿಯೋ ನೋಡುತ್ತೆ ಅಂತ ನಂಬುವವರು ನಂಬಲಿ. ನಾನಂತೂ ನಂಬಲ್ಲ.

ಅಂದರೆ ನಡವಳಿಯಲ್ಲಿ ಇರುವುದಷ್ಟೇ ಅವರ ಕಿವಿಗೆ ಬೀಳುವುದು. ಅದರಲ್ಲಿ ಇಲ್ಲದ್ದನ್ನು ಯಾರೂ ಹೇಳಿಯೇ ಇಲ್ಲ ಅಂತ ಲೆಕ್ಕ.

ಎರಡನೆಯದು ಇನ್ನೂ ಮುಖ್ಯ. ಈ ಸಭೆ ಮತದಾನವಲ್ಲ. ಸಾವಿರ ಜನ ಎದ್ದು ನಿಂತು ‘ಬೇಡ ಬೇಡ’ ಅಂದರೂ ಯೋಜನೆ ತನ್ನಷ್ಟಕ್ಕೆ ಬಿದ್ದುಹೋಗಲ್ಲ. ಅಧಿಸೂಚನೆ ಹೇಳುವುದೇನೆಂದರೆ, ಸಭೆಯಲ್ಲಿ ಎದ್ದು ಬಂದ ‘ಪರಿಸರಕ್ಕೆ ಸಂಬಂಧಪಟ್ಟ ಮಹತ್ವದ ಆತಂಕಗಳಿಗೆಲ್ಲಾ’ ಅರ್ಜಿದಾರರು ಉತ್ತರ ಕೊಡಬೇಕು, ಅದಕ್ಕೆ ತಕ್ಕಂತೆ ಕರಡು ಪರಿಸರ ವರದಿಯನ್ನು ತಿದ್ದಬೇಕು. ಗಮನಿಸಿ, ಉತ್ತರ ಕೊಡಬೇಕಾದವರು ಅರ್ಜಿದಾರರು. ಅಂದರೆ ಗಣಿ ತೆಗೆಯಲು ಹೊರಟವರೇ! ಯಾವ ಆತಂಕ ಮಹತ್ವದ್ದು, ಯಾವುದು ಅಲ್ಲ ಅಂತ ಮೊದಲ ಜರಡಿ ಹಿಡಿಯುವವರೂ ಅವರೇ. ಆ ಜರಡಿಯಲ್ಲಿ ಯಾವುದು ನಿಲ್ಲುತ್ತೆ, ಯಾವುದು ಸೋರಿಹೋಗುತ್ತೆ ಅನ್ನುವುದು ನಡವಳಿಯಲ್ಲಿ ಮಾತನ್ನು ಹೇಗೆ ಬರೆದಿದ್ದಾರೆ ಅನ್ನುವುದರ ಮೇಲೆ ನಿಂತಿದೆ.

ಕಾಗದದ ಮೇಲಿನ ನಿಯಮ ಅಷ್ಟೇನೂ ಕೆಟ್ಟದ್ದಲ್ಲ

ನ್ಯಾಯವಾಗಿ ಹೇಳಬೇಕೆಂದರೆ ನಿಯಮ ಬರೆದವರು ಈ ಅಪಾಯವನ್ನು ಊಹಿಸಿದ್ದರು. ಮಂಡಳಿಯ ಪ್ರತಿನಿಧಿ ಸಭೆಯಲ್ಲಿ ಬಂದ ಎಲ್ಲಾ ಅಭಿಪ್ರಾಯಗಳನ್ನೂ ಯಥಾವತ್ತಾಗಿ ಬಿಂಬಿಸುವ ಸಾರಾಂಶ ಬರೆಯಬೇಕು. ಸಭೆ ಮುಗಿಯುವ ಮುನ್ನ ಅದನ್ನು ನೆರೆದವರಿಗೆ ಓದಿ ಹೇಳಬೇಕು, ಅದೂ ಅಲ್ಲಿನ ಭಾಷೆಯಲ್ಲಿ ವಿವರಿಸಿ. ಹೀಗೆ ಒಪ್ಪಿತವಾದ ನಡವಳಿಗೆ ಜಿಲ್ಲಾಧಿಕಾರಿಗಳು ಇಲ್ಲವೇ ಅವರ ಪ್ರತಿನಿಧಿ ಅದೇ ದಿನ ಸಹಿ ಹಾಕಬೇಕು. ಜನ ಎತ್ತಿದ ವಿಷಯಗಳು ಮತ್ತು ಅದಕ್ಕೆ ಅರ್ಜಿದಾರರ ಉತ್ತರಗಳ ಪಟ್ಟಿಯನ್ನು ರಾಜ್ಯದ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಮಾಡಿ ಲಗತ್ತಿಸಬೇಕು. ನಡವಳಿಯನ್ನು ಗ್ರಾಮ ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ಜಿಲ್ಲಾಧಿಕಾರಿ ಕಚೇರಿಗಳಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸಬೇಕು, ಮಂಡಳಿಯ ವೆಬ್‌ಸೈಟಿನಲ್ಲಿ ಹಾಕಬೇಕು. ಅದನ್ನು ನೋಡಿ ‘ಇದರಲ್ಲಿ ನನ್ನ ಮಾತು ತಪ್ಪಾಗಿದೆ’ ಅಂತ ಯಾರು ಬೇಕಾದರೂ ನೇರವಾಗಿ ಅನುಮತಿ ಕೊಡುವ ಪ್ರಾಧಿಕಾರಕ್ಕೆ ಬರೆಯಬಹುದು.

‘ಓದಿ ಹೇಳಬೇಕು’ ಮತ್ತು ‘ಅದೇ ದಿನ ಸಹಿ’ ಅನ್ನುವ ಎರಡು ಮಾತು ಹಿಡಿದುಕೊಳ್ಳಿ. ಇವೇ ಊರಿನವರ ಕೈಯಲ್ಲಿರುವ ಬೀಗದ ಕೈ. ಆದರೆ ಸಂಜೆ ಐದು ಗಂಟೆಗೆ ಗಲಾಟೆಯೆದ್ದು, ಜನ ಧಿಕ್ಕಾರ ಕೂಗುತ್ತಾ ಹೊರನಡೆದು, ಸಾಹೇಬರ ಜೀಪು ಹೊರಟ ಮೇಲೆ ಯಾರು ಯಾರಿಗೆ ಓದಿ ಹೇಳಬೇಕು? ಸಭೆ ಬಹಿಷ್ಕರಿಸುವುದು ಟಿವಿಗೆ ಚೆನ್ನ. ನಡವಳಿಯ ಲೆಕ್ಕದಲ್ಲಿ ಅದು ಖಾಲಿ ಕುರ್ಚಿ. ಈ ಸಭೆಗೆ ಕೋರಂ ಬೇಕಿಲ್ಲ ಅಂತ ಅಧಿಸೂಚನೆಯಲ್ಲೇ ಬರೆದಿದೆ. ಹತ್ತು ಜನ ಉಳಿದರೂ ಸಭೆ ಸಭೆಯೇ.

ಹೇಳಿದ್ದು ಒಂದು, ಬರೆದದ್ದು ಇನ್ನೊಂದು

ಒಂದು ಮಾದರಿ ಕಟ್ಟಿಕೊಳ್ಳೋಣ. ಬಯಲುಸೀಮೆಯ ಒಂದು ಊರು, ಪಕ್ಕದ ಗುಡ್ಡದಲ್ಲಿ 20 ಹೆಕ್ಟೇರಿನ ಕಲ್ಲುಗಣಿ, ಜೊತೆಗೆ ಕ್ರಷರ್. ಗಣಿಯಿಂದ ಡಾಂಬರು ರಸ್ತೆಗೆ 2 ಕಿಲೋಮೀಟರ್ ಮಣ್ಣಿನ ದಾರಿ. ಸಭೆಯಲ್ಲಿ ಒಬ್ಬ ರೈತರು ಎದ್ದು ನಿಂತು ಹೀಗೆ ಹೇಳುತ್ತಾರೆ ಅಂದುಕೊಳ್ಳಿ:

‘ಸ್ವಾಮಿ, ನನ್ನ ತೋಟ ಇರೋದು ಆ ಗುಡ್ಡದ ಬುಡದಲ್ಲಿ. ಹಿಂದೆ ಅಲ್ಲೇ ಪಕ್ಕದಲ್ಲಿ ಇನ್ನೊಬ್ಬರು ಕಲ್ಲು ಹೊಡೀತಿದ್ರಲ್ಲ, ಆಗ ನಮ್ಮ ಬೋರು ನಿಂತೋಯ್ತು. ಎರಡನೇದು ಕೊರೆಸಿದೀನಿ, ಬೇಸಿಗೇಲಿ ಒಂದು ಗಂಟೆ ಬರುತ್ತೆ ಅಷ್ಟೆ. ಲಾರಿ ಓಡಾಡಿದ್ರೆ ಧೂಳು ಹೂವಿನ ಮೇಲೆ ಕೂತು ಕಾಯಿ ಕಚ್ಚಲ್ಲ. ಮಕ್ಕಳು ಇಸ್ಕೂಲಿಗೆ ಹೋಗೋದೂ ಅದೇ ದಾರೀಲಿ. ಇದಕ್ಕೇನ್ ಮಾಡ್ತೀರಿ ಹೇಳಿ.’

ಒಂದು ನಿಮಿಷದ ಮಾತು. ಇದರಲ್ಲಿ ಎಷ್ಟು ವಿಷಯ ಇದೆ ಎಣಿಸಿ. ಒಂದು, ಹಿಂದಿನ ಗಣಿಯ ಕಾಲದಲ್ಲಿ ಬೋರು ನಿಂತಿದೆ. ಎರಡು, ಈಗಿನ ಬೋರಿನಲ್ಲಿ ನೀರು ಎಷ್ಟು ಹೊತ್ತು ಬರುತ್ತೆ ಅನ್ನುವ ಅಳತೆ. ಮೂರು, ಹೂವಿನ ಕಾಲದಲ್ಲಿ ಧೂಳಿನಿಂದ ಬೆಳೆ ನಷ್ಟ. ನಾಲ್ಕು, ಶಾಲೆಯ ದಾರಿಯಲ್ಲಿ ಲಾರಿ. ನಾಲ್ಕು ಬೇರೆ ಬೇರೆ ಆಕ್ಷೇಪ, ನಾಲ್ಕಕ್ಕೂ ಬೇರೆ ಬೇರೆ ಉತ್ತರ ಬೇಕು.

ನಡವಳಿಯ ಭಾಷೆಯಲ್ಲಿ ಇದು ಹೀಗಾಗುತ್ತೆ: ‘ಸ್ಥಳೀಯರು ಧೂಳು ಮತ್ತು ಅಂತರ್ಜಲದ ಬಗ್ಗೆ ಆತಂಕ ವ್ಯಕ್ತಪಡಿಸಿದರು.’ ಪಕ್ಕದ ಕಾಲಮ್ಮಿನಲ್ಲಿ ಅರ್ಜಿದಾರರ ಉತ್ತರ: ‘ನಿಯಮಿತವಾಗಿ ನೀರು ಸಿಂಪಡಿಸಲಾಗುವುದು. ಅಂತರ್ಜಲದ ಮೇಲೆ ಪರಿಣಾಮವಾಗದಂತೆ ಅಗತ್ಯ ಕ್ರಮ ಕೈಗೊಳ್ಳಲಾಗುವುದು.’

ಎಲ್ಲಿ ಹೋಯಿತು ನೋಡಿದಿರಾ? ಬೋರು ನಿಂತದ್ದು ಆ ರೈತರ ಅನುಭವ, ನಡೆದ ಘಟನೆ. ನಡವಳಿಯಲ್ಲಿ ಅದು ‘ಆತಂಕ’ ಆಗಿಬಿಟ್ಟಿತು. ಘಟನೆಯಾದರೆ ಯಾರಾದರೂ ಹೋಗಿ ತನಿಖೆ ಮಾಡಬೇಕು, ಹಳೆಯ ಬೋರು ಎಲ್ಲಿತ್ತು, ಎಷ್ಟು ಆಳ, ಯಾವ ವರ್ಷ ನಿಂತಿತು ಅಂತ ಕೇಳಬೇಕು. ಆತಂಕವಾದರೆ ಸಮಾಧಾನ ಹೇಳಿದರೆ ಸಾಕು. ಶಾಲೆಯ ಮಕ್ಕಳಂತೂ ಪಟ್ಟಿಯಿಂದಲೇ ಮಾಯ. ‘ಸ್ಥಳೀಯರು’ ಅಂದ ಮೇಲೆ ಹೇಳಿದವರು ಯಾರು ಅಂತಲೂ ಗೊತ್ತಾಗಲ್ಲ, ಹಾಗಾಗಿ ಮುಂದೆ ಆ ರೈತರು ಬಂದು ‘ಇದು ನಾನು ಹೇಳಿದ್ದಲ್ಲ’ ಅನ್ನಲಿಕ್ಕೂ ದಾರಿಯಿಲ್ಲ.

ಇನ್ನು ಉತ್ತರವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ನಾವೆಲ್ಲಾ ಇಂಜಿನಿಯರುಗಳು ತಾನೆ! ದಾರಿ 2 ಕಿಲೋಮೀಟರ್ ಉದ್ದ, 6 ಮೀಟರ್ ಅಗಲ ಅಂದರೆ 12,000 ಚದರ ಮೀಟರ್. ಚದರ ಮೀಟರಿಗೆ ಒಂದೇ ಒಂದು ಲೀಟರ್ ಚಿಮುಕಿಸಿದರೂ ಒಂದು ಸಲಕ್ಕೆ 12,000 ಲೀಟರ್. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕು ಸಲ ಅಂದರೆ 48,000 ಲೀಟರ್, ಅಂದರೆ 6,000 ಲೀಟರಿನ ಎಂಟು ಟ್ಯಾಂಕರ್. ಇದು ಬರೀ ದಾರಿಗೆ, ಕ್ರಷರಿನ ಲೆಕ್ಕ ಬೇರೆ. ಆ ನೀರು ಎಲ್ಲಿಂದ ಬರುತ್ತೆ? ಗಣಿಯವರು ಅಲ್ಲೇ ಒಂದು ಬೋರು ಕೊರೆಸಿದರೆ ಧೂಳಿನ ಆಕ್ಷೇಪಕ್ಕೆ ಕೊಟ್ಟ ಉತ್ತರವೇ ಬೋರಿನ ಆಕ್ಷೇಪವನ್ನು ಇನ್ನಷ್ಟು ಗಟ್ಟಿ ಮಾಡುತ್ತೆ! ಎರಡನ್ನೂ ಒಂದೇ ಸಾಲಿನಲ್ಲಿ ತುರುಕಿದ್ದರಿಂದ ಈ ವಿರೋಧಾಭಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬೇರೆ ಬೇರೆ ಬರೆದಿದ್ದರೆ ಸಮಿತಿಯ ಯಾರಾದರೂ ಒಬ್ಬರು ‘ನೀರು ಎಲ್ಲಿಂದ ತರ್ತೀರಿ?’ ಅಂತ ಕೇಳದೇ ಇರುತ್ತಿರಲಿಲ್ಲ.

ಕಥೆ ಇಲ್ಲಿಗೇ ಮುಗಿಯಲ್ಲ. ಸಭೆಯಲ್ಲಿ ಅರ್ಜಿದಾರರು ಒಪ್ಪಿಕೊಂಡದ್ದು ಪರಿಸರ ನಿರ್ವಹಣಾ ಯೋಜನೆಯ ಭಾಗವಾಗಬೇಕು ಅಂತ ಮಂತ್ರಾಲಯ 2020ರ ಸೆಪ್ಟೆಂಬರ್ 30ರ ಸುತ್ತೋಲೆಯಲ್ಲಿ ಹೇಳಿದೆ. ಅನುಮತಿ ಸಿಕ್ಕ ಮೇಲೆ ಷರತ್ತುಗಳನ್ನು ಪಾಲಿಸಿದ್ದೇವೆ ಅಂತ ವರ್ಷಕ್ಕೆ ಎರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ, ವರದಿ ಕೊಡಬೇಕು. ‘ದಿನಕ್ಕೆ ನಾಲ್ಕು ಸಲ, ಎಂಟು ಟ್ಯಾಂಕರ್, ಗಣಿ ಗುಂಡಿಯಲ್ಲಿ ನಿಂತ ಮಳೆ ನೀರಿನಿಂದ’ ಅಂತ ಬರೆದಿದ್ದರೆ ಆ ವರದಿ ಹಿಡಿದು ‘ಎಲ್ರೀ ಟ್ಯಾಂಕರ್ ಲೆಕ್ಕ?’ ಅಂತ ಕೇಳಬಹುದು. ‘ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಅಂತ ಬರೆದಿದ್ದರೆ ‘ಕೈಗೊಳ್ಳಲಾಗಿದೆ’ ಅಂತ ಬರೆದು ಮುಗಿಸಬಹುದು. ಕಾಲ ಬದಲಾಯಿತು, ಕೆಲಸ ಆಯಿತು!

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೀಗೆ ಮಾಡಿದರೆ ಏನಾಗುತ್ತೆ ಯೋಚಿಸಿ. ಟೆಸ್ಟರ್ ನಾಲ್ಕು ಬಗ್ ಹುಡುಕಿ ಕೊಟ್ಟಾಗ ಡೆವಲಪರ್ ನಾಲ್ಕನ್ನೂ ಸೇರಿಸಿ ‘ಬಳಕೆದಾರರಿಗೆ ಆತಂಕವಿದೆ, ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಅಂತ ಬರೆದು ಕ್ಲೋಸ್ ಮಾಡಿದರೆ ಮ್ಯಾನೇಜರ್ ಬಿಡುತ್ತಾರಾ? ಪ್ರತಿ ಬಗ್‌ಗೂ ಒಂದು ನಂಬರ್, ಯಾರು ಕೊಟ್ಟರು, ಏನು ಮಾಡಿದಿರಿ, ಮಾಡದಿದ್ದರೆ ಯಾಕೆ ಮಾಡಲಿಲ್ಲ ಅಂತ ಕಾರಣ, ಇಷ್ಟಿಲ್ಲದೆ ಅದು ಕ್ಲೋಸ್ ಆಗಲ್ಲ. ಒಂದು ಬಟನ್ನಿನ ಬಣ್ಣಕ್ಕೆ ಇರುವ ಮರ್ಯಾದೆ ಒಬ್ಬ ರೈತರ ಬೋರಿಗೆ ಇಲ್ಲವೇ?

ಕನ್ನಡದಲ್ಲಿ ಹೇಳಿದ್ದು ಇಂಗ್ಲಿಷಿನಲ್ಲಿ ಏನಾಗುತ್ತೆ?

ಇದರ ಮೇಲೆ ಭಾಷೆಯ ಏಟು ಬೇರೆ. ಅಧಿಸೂಚನೆ ಪ್ರಕಾರ ಕನ್ನಡದಲ್ಲಿ ಕೊಡಬೇಕಾದದ್ದು ಕರಡು ಪರಿಸರ ವರದಿಯ ಸಾರಾಂಶ ಮಾತ್ರ. ಕೆಲವೇ ಹಾಳೆಯ ಆ ಸಾರಾಂಶದ ಹಿಂದೆ ನೂರಾರು ಪುಟಗಳ ಇಂಗ್ಲಿಷ್ ವರದಿ ಇರುತ್ತೆ. ಬೋರಿನ ಅಳತೆ, ಗಾಳಿಯ ದಿಕ್ಕು, ಲಾರಿಗಳ ಸಂಖ್ಯೆ ಎಲ್ಲಾ ಇರುವುದು ಆ ನೂರಾರು ಪುಟಗಳಲ್ಲಿ. ‘ನಿಮ್ಮ ವರದಿಯಲ್ಲಿ ನಮ್ಮ ಊರಿನ ಕೆರೆಯೇ ಇಲ್ಲ’ ಅಂತ ರೈತರು ಹೇಳಬೇಕಾದರೆ ಮೊದಲು ಅವರಿಗೆ ಆ ಪುಟ ಓದಲು ಬರಬೇಕಲ್ಲ? ಓದಲು ಕೊಡದೆ ಆಮೇಲೆ ‘ಜನ ಭಾವಾವೇಶದಲ್ಲಿ ಮಾತಾಡುತ್ತಾರೆ, ತಾಂತ್ರಿಕವಾಗಿ ಏನೂ ಹೇಳಲ್ಲ’ ಅನ್ನುವುದು ಯಾವ ನ್ಯಾಯ?

ವಾಪಸ್ಸು ಹೋಗುವ ದಾರಿಯಲ್ಲೂ ಇದೇ ಪಾಡು. ಕನ್ನಡದಲ್ಲಿ ಆಡಿದ ಮಾತು ಇಂಗ್ಲಿಷ್ ಪಟ್ಟಿಯಾಗಿ ದೆಹಲಿಗೆ ಹೋಗುತ್ತೆ. ಆ ಅನುವಾದ ಸರಿಯಿದೆಯಾ ಅಂತ ಮಾತಾಡಿದವರಿಗೆ ತೋರಿಸುವ ಹಂತವೇ ಇಲ್ಲ. ಸಭೆಯಲ್ಲಿ ಓದಿ ಹೇಳುವುದು ನಡವಳಿಯ ಸಾರಾಂಶ. ಉತ್ತರಗಳ ಇಂಗ್ಲಿಷ್ ಪಟ್ಟಿ ಯಾವಾಗ, ಯಾರು, ಎಲ್ಲಿ ಕೂತು ಮಾಡಿದರು ಅಂತ ಊರಿನವರಿಗೆ ಗೊತ್ತಾಗುವುದೇ ಇಲ್ಲ.

ಇದು ಬರೀ ನನ್ನ ಕನ್ನಡಾಭಿಮಾನದ ಮಾತು ಅಂತ ತಳ್ಳಿಹಾಕಬೇಡಿ. 2020ರಲ್ಲಿ ಕೇಂದ್ರ ಸರ್ಕಾರ ಈ ಅಧಿಸೂಚನೆಯನ್ನೇ ಬದಲಿಸಲು ಹೊಸ ಕರಡು ತಂದಿತು. ಅದರಲ್ಲಿ ಜನ ಅಭಿಪ್ರಾಯ ಕೊಡಲು ಇದ್ದ 30 ದಿನವನ್ನು 20ಕ್ಕೆ ಇಳಿಸುವ ಪ್ರಸ್ತಾಪವಿತ್ತು. ಆ ಕರಡಿಗೇ ಅಭಿಪ್ರಾಯ ಕೇಳಿದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ! ದೆಹಲಿ ಹೈಕೋರ್ಟ್ 2020ರ ಜೂನ್ 30ರಂದು ಎಂಟನೇ ಪರಿಚ್ಛೇದದ ಎಲ್ಲಾ 22 ಭಾಷೆಗಳಲ್ಲೂ ಅನುವಾದ ಪ್ರಕಟಿಸಿ ಅಂತ ಆದೇಶ ಕೊಟ್ಟಿತು. ಕನ್ನಡದಲ್ಲಿ ಪ್ರಕಟಣೆಯಾಗಿಲ್ಲ ಅನ್ನುವ ವಿಷಯ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೂ ಬಂತು. 2020ರ ಆಗಸ್ಟಿನಲ್ಲಿ ಅದು ಅಂತಿಮ ಅಧಿಸೂಚನೆ ಹೊರಡಿಸದಂತೆ ಮಧ್ಯಂತರ ತಡೆ ಕೊಟ್ಟಿತು. ಜನರ ಮಾತು ಕೇಳುತ್ತೇವೆ ಅಂದಮೇಲೆ ಜನರ ಭಾಷೆಯಲ್ಲಿ ಕೇಳಬೇಕು ಅನ್ನುವುದು ಕೋರ್ಟುಗಳಿಗೂ ಅರ್ಥವಾದ ಸಂಗತಿ.

ಕಾರಣ ಹೇಳಬೇಕು ಅಂತ ಕೋರ್ಟೇ ಹೇಳಿದೆ

ಇನ್ನೊಂದು ತೀರ್ಪು ಎಲ್ಲರೂ ತಿಳಿದಿರಬೇಕಾದದ್ದು. ಗೋವಾದ ಒಂದು ಕಬ್ಬಿಣದ ಅದಿರಿನ ಗಣಿಯ ವಿಷಯದಲ್ಲಿ ಉತ್ಕರ್ಷ್ ಮಂಡಲ್ ಅನ್ನುವ ಸಂಘ ಕೋರ್ಟಿಗೆ ಹೋಗಿತ್ತು. 2009ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ತೀರ್ಪಿನ ತಿರುಳು ಇದು: ಅಹವಾಲು ಸಭೆಯಲ್ಲಿ ಬಂದ ಆಕ್ಷೇಪಗಳನ್ನು ತಜ್ಞರ ಸಮಿತಿಯೇ ಪರಿಶೀಲಿಸಬೇಕು, ಯಾವುದನ್ನು ಒಪ್ಪಿದೆವು, ಯಾವುದನ್ನು ಒಪ್ಪಲಿಲ್ಲ, ಯಾಕೆ ಅನ್ನುವುದು ಸಮಿತಿಯ ನಡವಳಿಯಲ್ಲಿ ಕಾಣಬೇಕು. ಆ ಕೆಲಸವನ್ನು ಮಂತ್ರಾಲಯದ ಅಧಿಕಾರಿಗಳಿಗೆ ಹೊರಗುತ್ತಿಗೆ ಕೊಡುವಂತಿಲ್ಲ.

ಅಂದರೆ ನಡವಳಿಗಳು ಎರಡು. ಒಂದು ಊರಿನ ಸಭೆಯದ್ದು, ಇನ್ನೊಂದು ಸಮಿತಿಯದ್ದು. ಮೊದಲನೆಯದರ ಪ್ರತಿ ಆಕ್ಷೇಪಕ್ಕೂ ಎರಡನೆಯದರಲ್ಲಿ ಒಂದು ಕೊನೆ ಕಾಣಬೇಕು. ಆದರೆ ಮೊದಲನೆಯದರಲ್ಲೇ ನಾಲ್ಕು ಆಕ್ಷೇಪ ಒಂದು ‘ಆತಂಕ’ವಾಗಿದ್ದರೆ, ಸಮಿತಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ಉತ್ತರಿಸುವುದು ಆ ಒಂದು ಆತಂಕಕ್ಕೆ. ನಂಬರಿಲ್ಲದ ಆಕ್ಷೇಪ ಕಳೆದುಹೋದರೆ ಕಳೆದುಹೋಗಿದೆ ಅಂತ ತೋರಿಸಲೂ ಆಗಲ್ಲ. ಕೋರ್ಟಿನಲ್ಲಿ ‘ನಮ್ಮ 17ನೇ ಆಕ್ಷೇಪಕ್ಕೆ ಉತ್ತರ ಎಲ್ಲಿ?’ ಅಂತ ಕೇಳಬೇಕಾದರೆ ಅದಕ್ಕೆ 17 ಅನ್ನುವ ನಂಬರಾದರೂ ಇರಬೇಕು.

ಇಲ್ಲಿ ಹೇಗೆ ಮಾಡುತ್ತಾರೆ

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ‘ಅಮೆರಿಕಾದಲ್ಲಿ ಎಲ್ಲಾ ಸರಿಯಿದೆ’ ಅಂತ ಹೇಳುವ ಜಾತಿ ನಾನಲ್ಲ. ಆದರೆ ಈ ಒಂದು ವಿಷಯದಲ್ಲಿ ಇಲ್ಲಿನ ಪದ್ಧತಿ ನೋಡಿ ಕಲಿಯುವುದಿದೆ. ಈ ರಾಜ್ಯದ ಪರಿಸರ ಕಾನೂನು 1970ರದ್ದು. ಕರಡು ವರದಿಯ ಮೇಲೆ ಬಂದ ಪರಿಸರ ಸಂಬಂಧಿ ಟೀಕೆಗಳಿಗೆ ಸರ್ಕಾರಿ ಸಂಸ್ಥೆ ಲಿಖಿತ ಉತ್ತರ ಕೊಡಬೇಕು. ಉತ್ತರ ಪ್ರಾಮಾಣಿಕವಾಗಿರಬೇಕು, ಕಾರಣಸಹಿತವಾಗಿರಬೇಕು, ಸಂಗತಿಗಳ ಆಧಾರವಿಲ್ಲದ ಬರೀ ತೀರ್ಮಾನದ ಮಾತು ಸಾಲದು ಅಂತ ಅದರ ನಿಯಮಾವಳಿಯಲ್ಲೇ ಇದೆ. ಕೊನೆಯ ವರದಿಯಲ್ಲಿ ಆ ಟೀಕೆಗಳೂ ಉತ್ತರಗಳೂ ಸೇರಿರಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಹತ್ತಿರ ರಸ್ತೆ ಅಗಲ ಮಾಡುವ ಯೋಜನೆ ಬಂದಾಗ ನಾನೂ ಒಂದು ಪುಟದ ಪತ್ರ ಬರೆದಿದ್ದೆ. ಕೊನೆಯ ವರದಿಯಲ್ಲಿ ನನ್ನ ಪತ್ರವನ್ನು ಹಾಗೇ ಅಚ್ಚು ಹಾಕಿದ್ದರು. ಅಂಚಿನಲ್ಲಿ ಗೆರೆ ಎಳೆದು ಅದನ್ನು ಮೂರು ತುಂಡು ಮಾಡಿ ಮೂರಕ್ಕೂ ನಂಬರ್ ಕೊಟ್ಟಿದ್ದರು. ಶಾಲೆ ಬಿಡುವ ಹೊತ್ತಿನಲ್ಲಿ ಲಾರಿ ಓಡಾಟದ ಬಗ್ಗೆ ನಾನು ಎತ್ತಿದ್ದ ಮಾತಿಗೆ ಲಾರಿಗಳ ವೇಳೆ ಬದಲಿಸಿ, ಯಾವ ಪುಟದಲ್ಲಿ ಬದಲಿಸಿದ್ದೇವೆ ಅಂತ ತೋರಿಸಿದ್ದರು. ಶಬ್ದದ ಬಗ್ಗೆ ಎತ್ತಿದ್ದಕ್ಕೆ ‘ಒಪ್ಪುವುದಿಲ್ಲ, ಕಾರಣ ಇದು, ಅಳತೆ ಈ ಕೋಷ್ಟಕದಲ್ಲಿದೆ’ ಅಂದಿದ್ದರು. ಮನೆ ಬೆಲೆ ಬಿದ್ದುಹೋಗುತ್ತೆ ಅಂದಿದ್ದ ಮೂರನೆಯದಕ್ಕೆ ಮಾತ್ರ ‘ಟೀಕೆಯನ್ನು ಗಮನಿಸಲಾಗಿದೆ’ ಅನ್ನುವ ಎರಡೇ ಪದ. ಹೌದು, ಆ ಕಳ್ಳದಾರಿ ಇಲ್ಲೂ ಇದೆ! ಆದರೆ ಇಲ್ಲಿ ಅದು ನನ್ನದೇ ಮಾತಿನ ಪಕ್ಕದಲ್ಲಿ, ನಂಬರಿನ ಸಮೇತ ಅಚ್ಚಾಗಿರುತ್ತೆ. ಯಾವುದಕ್ಕೆ ಉತ್ತರ ಕೊಟ್ಟರು, ಯಾವುದರಿಂದ ನುಣುಚಿಕೊಂಡರು ಅಂತ ಯಾರು ಬೇಕಾದರೂ ನೋಡಬಹುದು.

‘ಹೀಗೆ ಮಾಡಿದರೆ ಅಭಿವೃದ್ಧಿ ನಿಂತುಹೋಗುತ್ತೆ’ ಅನ್ನುವವರಿಗೆ

ನಮ್ಮಲ್ಲೇ ಕೆಲವು ಗೆಳೆಯರು ಕೇಳುತ್ತಾರೆ: ‘ಕ್ಯಾಲಿಫೋರ್ನಿಯಾದ ಕಾನೂನಿನಿಂದ ಮನೆ ಕಟ್ಟುವುದೇ ಕಷ್ಟವಾಗಿತ್ತಲ್ಲ, ಅದನ್ನೇ ನಮಗೂ ತರಬೇಕಾ?’ ಪ್ರಶ್ನೆ ಸರಿಯಾಗಿದೆ. ಇಲ್ಲಿ ಆ ಕಾನೂನನ್ನು ಹಿಡಿದು ನೆರೆಯವರ ಅಪಾರ್ಟ್‌ಮೆಂಟ್ ನಿಲ್ಲಿಸಿದವರಿದ್ದಾರೆ. ಅದಕ್ಕೇ 2025ರ ಜೂನಿನಲ್ಲಿ ಇಲ್ಲಿನ ಶಾಸನಸಭೆ ನಗರದೊಳಗಿನ ಹೆಚ್ಚಿನ ವಸತಿ ಯೋಜನೆಗಳಿಗೆ ಅದರಿಂದ ವಿನಾಯಿತಿ ಕೊಟ್ಟಿತು. ಆದರೆ ತಡವಾಗುತ್ತಿದ್ದದ್ದು ಹೆಚ್ಚಾಗಿ ವರದಿ ತಯಾರಿಕೆ ಮತ್ತು ದಾವೆಗಳಲ್ಲಿ. ಪತ್ರಗಳಿಗೆ ನಂಬರ್ ಹಾಕಿ ಉತ್ತರ ಬರೆಯುವುದರಿಂದ ಯಾವ ಊರೂ ಹಿಂದುಳಿದಿಲ್ಲ.

ನಮ್ಮಲ್ಲಿ ಸಭೆ ಮುಗಿದ ಎಂಟು ದಿನದೊಳಗೆ ನಡವಳಿಯನ್ನು ಪ್ರಾಧಿಕಾರಕ್ಕೆ ಕಳಿಸಬೇಕು ಅಂತ ನಿಯಮವಿದೆ. ಐವತ್ತು ಜನ ಮಾತಾಡಿ ಇನ್ನೂರು ಆಕ್ಷೇಪ ಬಂದರೂ ಅದನ್ನು ಪಟ್ಟಿ ಮಾಡಲು ಇಬ್ಬರು ಗುಮಾಸ್ತರಿಗೆ ಎಂಟು ದಿನ ಧಾರಾಳ ಸಾಕು. ಇಷ್ಟಕ್ಕೂ ಅಸಲಿ ವಿಳಂಬ ಆಗುವುದು ಬೋರಿನ ಪ್ರಶ್ನೆಗೆ ಮೊದಲೇ ಉತ್ತರ ಕೊಡದೆ, ಗಣಿ ಶುರುವಾದ ಮೇಲೆ ರೈತರು ರಸ್ತೆಗೆ ಅಡ್ಡ ಮಲಗಿ, ಕೇಸು ನ್ಯಾಯಮಂಡಳಿಗೆ ಹೋದಾಗ. ಉತ್ತರ ಕೊಡುವುದೇ ಅಗ್ಗದ ದಾರಿ.

ಏನಾಗಬೇಕು?

ಇದಕ್ಕೆ ದೆಹಲಿಯಲ್ಲಿ ಕಾನೂನು ಬದಲಾಗುವವರೆಗೆ ಕಾಯಬೇಕಿಲ್ಲ. ನಡವಳಿ ಬರೆಯುವುದು ನಮ್ಮದೇ ರಾಜ್ಯದ ಮಂಡಳಿ, ಸಹಿ ಹಾಕುವುದು ನಮ್ಮದೇ ಜಿಲ್ಲಾಧಿಕಾರಿಗಳು. ಅಧಿಸೂಚನೆ ಕೇಳಿದ್ದಕ್ಕಿಂತ ಚೆನ್ನಾಗಿ ಬರೆಯಬೇಡಿ ಅಂತ ಯಾರೂ ತಡೆದಿಲ್ಲ. ಕರ್ನಾಟಕ ಸರ್ಕಾರ ಒಂದೇ ಒಂದು ಸುತ್ತೋಲೆಯಲ್ಲಿ ನಾಲ್ಕು ವಿಷಯ ಹೇಳಿದರೆ ಸಾಕು.

1. ಪ್ರತಿ ಆಕ್ಷೇಪಕ್ಕೂ ಒಂದು ನಂಬರ್. ಹೇಳಿದವರ ಮಾತನ್ನು ಕನ್ನಡದಲ್ಲಿ, ಅವರು ಹೇಳಿದ ಜಾಗ, ವರ್ಷ, ಅಳತೆಗಳ ಸಮೇತ ಬರೆಯಬೇಕು. ನಡೆದದ್ದನ್ನು ನಡೆದದ್ದು ಅಂತಲೇ ಬರೆಯಬೇಕು, ‘ಆತಂಕ’ ಅಂತ ಅಲ್ಲ.

2. ಪ್ರತಿ ಉತ್ತರದಲ್ಲೂ ಎಷ್ಟು, ಎಲ್ಲಿಂದ, ಯಾವಾಗಿನಿಂದ, ಯಾರು ಹೊಣೆ ಅನ್ನುವುದಿರಬೇಕು. ಒಪ್ಪದಿದ್ದರೆ ‘ಒಪ್ಪುವುದಿಲ್ಲ, ಕಾರಣ ಇದು’ ಅಂತ ನೇರವಾಗಿ ಬರೆಯಲಿ. ‘ಗಮನಿಸಲಾಗಿದೆ’, ‘ಅಗತ್ಯ ಕ್ರಮ’ ಅನ್ನುವ ಪದಗಳನ್ನು ಉತ್ತರ ಅಂತ ಲೆಕ್ಕಕ್ಕೆ ತಗೋಬಾರದು.

3. ಕನ್ನಡದ ಪಟ್ಟಿಯೇ ಮೂಲ. ಇಂಗ್ಲಿಷ್ ಅದರ ಅನುವಾದ ಮಾತ್ರ, ಎರಡಕ್ಕೂ ಅದೇ ನಂಬರ್. ತಕರಾರು ಬಂದರೆ ಕನ್ನಡದ್ದೇ ಸರಿ.

4. ಅನುಮತಿ ಪತ್ರ ಬಂದ ದಿನ, ಯಾವ ನಂಬರಿನ ಆಕ್ಷೇಪ ಏನಾಯಿತು ಅನ್ನುವ ಪಟ್ಟಿಯನ್ನು ಅದೇ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು.

ಇನ್ನು ನಮ್ಮ ಪಾಲಿನ ಕೆಲಸ. ಸಭೆಗೆ ಹೋಗಿ ಮಾತಾಡುವುದು ಅಲ್ಲಿನ ಜನರ ಹಕ್ಕು. ಆದರೆ ಅಧಿಸೂಚನೆಯಲ್ಲಿ ಇನ್ನೊಂದು ಬಾಗಿಲಿದೆ. ಯೋಜನೆಯ ಪರಿಸರ ವಿಷಯದಲ್ಲಿ ನ್ಯಾಯವಾದ ಸಂಬಂಧವಿರುವ ಬೇರೆಯವರೂ ಬರವಣಿಗೆಯಲ್ಲಿ ಅಭಿಪ್ರಾಯ ಕಳಿಸಬಹುದು. ಊರಿನಲ್ಲಿ ಜಮೀನು, ಮನೆ, ಅಪ್ಪ ಅಮ್ಮ ಇರುವ ನಮಗೆ ಆ ಸಂಬಂಧ ಇಲ್ಲವೇ? ಸಭೆಯ ಪ್ರಕಟಣೆ ಬಂದ ಮೇಲೆ ಕಡಿಮೆಯೆಂದರೂ 30 ದಿನ ಸಮಯವಿರುತ್ತೆ. ಇಂಗ್ಲಿಷ್ ವರದಿಯ ನೂರಾರು ಪುಟ ಓದಿ ‘ಇಂಥ ಪುಟದಲ್ಲಿ ಕೆರೆ ಬಿಟ್ಟುಹೋಗಿದೆ, ಇಂಥ ಕೋಷ್ಟಕದಲ್ಲಿ ಲಾರಿ ಲೆಕ್ಕ ತಪ್ಪಿದೆ’ ಅಂತ ಹುಡುಕುವ ಕೆಲಸ ನಮ್ಮಲ್ಲಿ ಹಲವರಿಗೆ ದಿನನಿತ್ಯದ್ದು. ಅದನ್ನು ಕನ್ನಡದಲ್ಲಿ ಒಂದೆರಡು ಪುಟ ಮಾಡಿ, ಆಕ್ಷೇಪಗಳಿಗೆ ನಾವೇ 1, 2, 3 ಅಂತ ನಂಬರ್ ಹಾಕಿ, ಸಭೆಗೆ ಮುಂಚೆ ಊರಿನವರ ಕೈಗೆ ತಲುಪಿಸಿ. ಅವರು ಅದನ್ನು ಓದಿ ಹೇಳಿ, ಒಂದು ಪ್ರತಿಯನ್ನು ವೇದಿಕೆಯಲ್ಲೇ ಕೊಟ್ಟು ಸ್ವೀಕೃತಿ ತಗೊಂಡರೆ, ಆಮೇಲೆ ಅದನ್ನು ‘ಸ್ಥಳೀಯರ ಆತಂಕ’ ಮಾಡುವುದು ಯಾರಿಗೂ ಸುಲಭವಲ್ಲ.

ಮತ್ತು ಊರಿಗೆ ಫೋನ್ ಮಾಡಿದಾಗ ಒಂದು ಮಾತು ತಪ್ಪದೆ ಹೇಳಿ: ಎಷ್ಟೇ ಸಿಟ್ಟು ಬಂದರೂ ಸಭೆಯಿಂದ ಎದ್ದು ಹೋಗಬೇಡಿ. ಸಂಜೆ ನಡವಳಿ ಓದಿ ಹೇಳುವವರೆಗೆ ಕೂತಿರಿ. ಓದದಿದ್ದರೆ ಓದಿ ಅಂತ ಕೇಳಿ, ನಿಮ್ಮ ಮಾತು ಅದರಲ್ಲಿ ಇಲ್ಲದಿದ್ದರೆ ಸೇರಿಸಿ ಅಂತ ಹಟ ಹಿಡಿಯಿರಿ, ವಿಡಿಯೋ ಓಡುತ್ತಿರುವಾಗಲೇ. ಸಾಹೇಬರು ಸಹಿ ಹಾಕುವುದು ಅದಾದ ಮೇಲೆ.

ನಿಮ್ಮ ಜಿಲ್ಲೆಯಲ್ಲಿ ನಡೆದ ಯಾವುದಾದರೂ ಸಭೆಯ ನಡವಳಿ ಮಂಡಳಿಯ ವೆಬ್‌ಸೈಟಿನಲ್ಲಿ ಸಿಕ್ಕರೆ ಓದಿ, ಎಷ್ಟು ಆಕ್ಷೇಪಕ್ಕೆ ಅಂಕಿ ಸಂಖ್ಯೆ ಇರುವ ಉತ್ತರ ಇದೆ, ಎಷ್ಟಕ್ಕೆ ‘ಅಗತ್ಯ ಕ್ರಮ’ ಇದೆ ಅಂತ ಎಣಿಸಿ ನಮಗೆ ಬರೆಯಿರಿ. ಬಂದದ್ದನ್ನೆಲ್ಲಾ ಸೇರಿಸಿ, ಮೇಲಿನ ನಾಲ್ಕು ಬೇಡಿಕೆಗಳ ಜೊತೆ, ಮಂಡಳಿಗೆ ಕನ್ನಡದಲ್ಲೇ ಪತ್ರ ಬರೆಯೋಣ. ಆ ಪತ್ರಕ್ಕೂ ‘ಗಮನಿಸಲಾಗಿದೆ’ ಅಂತ ಉತ್ತರ ಬಂದರೆ ಅದನ್ನೂ ಇಲ್ಲೇ ಅಚ್ಚು ಹಾಕೋಣ, ನಂಬರ್ ಸಮೇತ!